ಉಪ್ಪಿಟ್ಟು ತಿಂದವರೆಲ್ಲ ಸರ್ವಾನುಮತ

"ಸಭೆಯು ನಿಗದಿತ ಸಮಯವಾದ ಬೆಳಿಗ್ಗೆ 10-30ಕ್ಕೆ ಸರಿಯಾಗಿ ಪ್ರಾರಂಭವಾಯಿತು."

ಮೊದಲ ಸಾಲಿನಲ್ಲೇ ಸುಳ್ಳು. ಹತ್ತೂವರೆಗೆ ಅಲ್ಲಿ ಇದ್ದವರು ಮೈಕ್‌ಸೆಟ್ ಹುಡುಗ ಮತ್ತು ಅಡುಗೆಯವರು. ಸಭೆ ಶುರುವಾದದ್ದು ಹನ್ನೊಂದೂ ಕಾಲಿಗೆ. ಶಾಲು ಹೊದಿಸಿಕೊಳ್ಳಬೇಕಾದ ಅತಿಥಿಗಳು ಇನ್ನೂ ಸ್ನಾನ ಮಾಡುತ್ತಿದ್ದರಂತೆ.

ಇದು ನಮ್ಮ ಬಡಾವಣೆಯಲ್ಲಿ ಹೊಸದಾಗಿ ಅವತರಿಸಿದ ಸಾಹಿತ್ಯ ಮತ್ತು ಸಾಂಸ್ಕೃತಿಕ ಸಂಘದ ಪ್ರಥಮ ಸಭೆಯ ನಡಾವಳಿ. ಸಂಘದ ಹೆಸರು ಹೇಳುವುದಿಲ್ಲ. ನಿಮ್ಮ ಬೀದಿಯ ಸಂಘದ ಹೆಸರು ಹಾಕಿಕೊಂಡು ಓದಿ, ಒಂದಕ್ಷರ ಬದಲಾಯಿಸಬೇಕಾಗಿಲ್ಲ.

ಒಟ್ಟು ಎರಡೂವರೆ ಪುಟ. ನೀಟಾಗಿ ಟೈಪ್ ಮಾಡಿಸಿದ್ದಾರೆ. ಸಭೆ ನಡೆಯುವಾಗ ವೇದಿಕೆಯ ಮೇಲೆ ಯಾರೂ ಪೆನ್ನು ಹಿಡಿದದ್ದನ್ನು ನಾನು ನೋಡಲಿಲ್ಲ. ಹಿಡಿಯುವ ಅಗತ್ಯವೂ ಇರಲಿಲ್ಲ. ಸಭೆ ಭಾನುವಾರ. ನಡಾವಳಿ ಗುರುವಾರವೇ ಮುಗಿದಿತ್ತು. ಮೂಲೆಯ ಜೆರಾಕ್ಸ್ ಅಂಗಡಿಯವರು ಅದನ್ನು ಓದಿದ್ದರು. ಸಭೆಯಲ್ಲಿ ಏನಾಗುತ್ತದೆ ಎಂದು ನಮಗಿಂತ ಮೂರು ದಿನ ಮೊದಲೇ ತಿಳಿದಿದ್ದ ಏಕೈಕ ಬಾಹ್ಯ ವ್ಯಕ್ತಿ ಅವರೇ.

ಸಂಘ ಕಟ್ಟುವುದು ಕಷ್ಟದ ಕೆಲಸವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960 ಕೇಳುವುದು ಏಳು ಜನರನ್ನು. ಏಳು ಜನ ಸೇರಿ, ಸಂಘದ ಹೆಸರು, ಉದ್ದೇಶ, ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ ಬರೆದು ಜ್ಞಾಪನ ಪತ್ರಕ್ಕೆ ಸಹಿ ಹಾಕಬೇಕು. ಜೊತೆಗೆ ಬೈಲಾ ಲಗತ್ತಿಸಬೇಕು. ನೋಂದಣಾಧಿಕಾರಿಯ ಕಚೇರಿಯಲ್ಲಿ ಸಲ್ಲಿಸಿ ಪ್ರಮಾಣಪತ್ರ ಪಡೆಯಬೇಕು. ಅಲ್ಲಿಯವರೆಗೆ ಸಂಘ ಹುಟ್ಟಿಯೇ ಇಲ್ಲ.

ನಮ್ಮವರಿಗೆ ಇದು ಗೊತ್ತು. ಗೊತ್ತಿದ್ದೇ ಹುಟ್ಟದ ಸಂಘದ ಹೆಸರಿನಲ್ಲಿ ಸದಸ್ಯತ್ವ ಶುಲ್ಕ ಎತ್ತಿದರು. ತಲೆಗೆ ಒಂದು ಸಾವಿರ. ನೋಂದಣಿ ಪ್ರಮಾಣಪತ್ರ, ಬೈಲಾ, ಖಾತೆ ಯಾರು ನಡೆಸುತ್ತಾರೆಂಬ ನಿರ್ಣಯ ಇಲ್ಲದೆ ಸಂಘಕ್ಕೆ ಬ್ಯಾಂಕ್ ಖಾತೆ ತೆರೆಯುವುದಿಲ್ಲ. ಹಾಗಾಗಿ ದುಡ್ಡು ಹೋದದ್ದು ಭಾವಿ ಅಧ್ಯಕ್ಷರ ಫೋನ್ ನಂಬರಿಗೆ. ನಾನೂ ಕಳಿಸಿದೆ. ರಸೀದಿ ಕೇಳಿದೆ. "ರಸೀದಿ ಪುಸ್ತಕ ಪ್ರಿಂಟಿಗೆ ಹೋಗಿದೆ ಸಾರ್, ನಂಬಿಕೆ ಮುಖ್ಯ" ಎಂದರು.

ಭಾವಿ ಅಧ್ಯಕ್ಷರು ಎಂದೆ. ಚುನಾವಣೆಗೆ ಮೊದಲೇ ಹಾಗೆ ಹೇಳಬಹುದೇ? ಧಾರಾಳವಾಗಿ ಹೇಳಬಹುದು. ಸಭಾಂಗಣದ ಹೊರಗೆ "ನೂತನ ಅಧ್ಯಕ್ಷರಿಗೆ ಹಾರ್ದಿಕ ಅಭಿನಂದನೆಗಳು" ಎಂಬ ಫ್ಲೆಕ್ಸ್ ಬೆಳಿಗ್ಗೆಯಿಂದಲೇ ನೇತಾಡುತ್ತಿತ್ತು. ಫೋಟೊದಲ್ಲಿ ಅವರು ಕೈಮುಗಿದಿದ್ದರು. ಅಭಿನಂದನೆ ಕೋರಿದವರ ಪಟ್ಟಿಯಲ್ಲಿ ಅವರ ಮಗ, ಅಳಿಯ ಮತ್ತು ಅವರದೇ ಟ್ರಾವೆಲ್ಸ್ ಇದ್ದವು.

ಇನ್ನು ಕಾರ್ಯಸೂಚಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಸನ್ಮಾನ, ಪದಾಧಿಕಾರಿಗಳ ಆಯ್ಕೆ, ಬೈಲಾ ಅಂಗೀಕಾರ, ವಂದನಾರ್ಪಣೆ, ಉಪಾಹಾರ.

ಆ ಕ್ರಮವನ್ನು ಇನ್ನೊಮ್ಮೆ ಓದಿ. ಮೊದಲು ಆಯ್ಕೆ, ಆಮೇಲೆ ಬೈಲಾ. ಅಧ್ಯಕ್ಷ ಎಂಬ ಹುದ್ದೆ ಇದೆ ಎಂದು ಹೇಳುವುದೇ ಬೈಲಾ. ಯಾರು ನಿಲ್ಲಬಹುದು, ಯಾರು ಮತ ಹಾಕಬಹುದು, ಎಷ್ಟು ವರ್ಷ ಇರಬಹುದು, ಎಲ್ಲವನ್ನೂ ಹೇಳುವುದು ಬೈಲಾ. ಅದನ್ನು ಒಪ್ಪುವ ಮೊದಲೇ ಆಯ್ಕೆಯಾದವರು ಯಾವ ನಿಯಮದ ಪ್ರಕಾರ ಆಯ್ಕೆಯಾದರು? ಯಾವ ನಿಯಮದ ಪ್ರಕಾರವೂ ಅಲ್ಲ. ಆಯ್ಕೆಯಾದ ಮೇಲೆ ಅವರೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ತಮ್ಮ ಅಧಿಕಾರವನ್ನು ನಿರ್ಧರಿಸುವ ಬೈಲಾವನ್ನು ತಾವೇ ಅಂಗೀಕರಿಸಿಕೊಂಡರು.

ನೆಟ್ಟಗೆ ನಡೆಸಬೇಕೆಂದಿದ್ದರೆ ದಾರಿ ಎಲ್ಲರಿಗೂ ಗೊತ್ತಿದೆ. ಆ ಹೊತ್ತಿಗೆ ಮಾತ್ರ ಒಬ್ಬ ಹಂಗಾಮಿ ಅಧ್ಯಕ್ಷರನ್ನು ಕೂರಿಸಬೇಕು. ಅವರು ಸ್ಪರ್ಧಿಸಬಾರದು. ಬೈಲಾದ ಕರಡನ್ನು ವಾರ ಮೊದಲೇ ಎಲ್ಲರಿಗೂ ಕೊಟ್ಟು, ಸಭೆಯಲ್ಲಿ ಕಲಮು ಕಲಮಾಗಿ ಓದಿ, ತಿದ್ದುವುದನ್ನು ತಿದ್ದಿ, ಕೈ ಎತ್ತಿಸಿ ಎಣಿಸಬೇಕು. ಆಮೇಲೆ ಅದೇ ಬೈಲಾದ ಪ್ರಕಾರ ನಾಮಪತ್ರ ಕರೆಯಬೇಕು. ಎರಡು ಗಂಟೆಯ ಕೆಲಸ. ನಮ್ಮಲ್ಲಿ ಎರಡು ಗಂಟೆ ಇತ್ತು. ಒಂದೂವರೆ ಗಂಟೆ ಸನ್ಮಾನಕ್ಕೆ ಹೋಯಿತು. ಸಂಘಕ್ಕೆ ಸಲ್ಲಿಸಿದ ಅಪಾರ ಸೇವೆಗಾಗಿ ಆರು ಜನಕ್ಕೆ ಶಾಲು. ಸಂಘಕ್ಕೆ ಆಗ ವಯಸ್ಸು ನಲವತ್ತು ನಿಮಿಷ.

ಆಯ್ಕೆಯ ಬಗ್ಗೆ ನಡಾವಳಿ ಹೇಳುವುದು ಹೀಗೆ: "ಅಧ್ಯಕ್ಷ ಸ್ಥಾನಕ್ಕೆ ಬೇರೆ ಯಾವುದೇ ಹೆಸರುಗಳು ಸೂಚಿತವಾಗದ ಕಾರಣ ಸದರಿಯವರು ಅವಿರೋಧವಾಗಿ ಆಯ್ಕೆಯಾದರೆಂದು ಘೋಷಿಸಲಾಯಿತು."

ಬೇರೆ ಹೆಸರು ಇದೆಯಾ ಎಂದು ಯಾರೂ ಕೇಳಲಿಲ್ಲ. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಹಿಂದಿನ ಸಾಲಿನಿಂದ ಚಪ್ಪಾಳೆ ಬಿತ್ತು. ಅನುಮೋದಕರ ಮಾತು ಮುಗಿಯುವ ಮೊದಲೇ ಹಾರ ಕೊರಳಿಗೆ ಬಂದಿತ್ತು. ಹಾರ ಹಾಕಿದ ಮೇಲೆ ಆಕ್ಷೇಪಣೆ ಎತ್ತುವುದು ಅಪಶಕುನವಂತೆ.

ಅಧ್ಯಕ್ಷರು ಮೈಕು ಹಿಡಿದು, "ನನಗೆ ಅಧಿಕಾರದ ಆಸೆಯಿಲ್ಲ, ನೀವೆಲ್ಲ ಬಲವಂತ ಮಾಡಿದ್ದರಿಂದ ಒಪ್ಪಿಕೊಂಡಿದ್ದೇನೆ" ಎಂದರು. ಬಲವಂತ ಮಾಡಿದವರು ಯಾರೆಂದು ನಾನು ಸುತ್ತ ನೋಡಿದೆ. ಎಲ್ಲರೂ ಅಡುಗೆಮನೆಯ ಕಡೆ ನೋಡುತ್ತಿದ್ದರು.

ಒಬ್ಬರು ಮಾತ್ರ ಕೈ ಎತ್ತಿದ್ದರು. ನಿವೃತ್ತ ಶಿಕ್ಷಕಿ. ಮೂರನೇ ಸಾಲಿನಲ್ಲಿ ಕೂತಿದ್ದರು. ಬೈಲಾದ ಪ್ರತಿ ಎಲ್ಲಿ ಎಂದು ಕೇಳಲು ಎದ್ದವರು. ಮೈಕು ಅವರ ಹತ್ತಿರ ಹೋಗುವ ಮೊದಲೇ ವೇದಿಕೆಯಿಂದ ಕಾರ್ಯದರ್ಶಿಗಳು, "ಗೊತ್ತು ಮೇಡಂ, ಗೊತ್ತು, ನಿಮ್ಮನ್ನೂ ಹಾಕಿದೀವಿ" ಎಂದರು. ಇನ್ನೊಂದು ಚಪ್ಪಾಳೆ. ನಡಾವಳಿಯಲ್ಲಿ ಈಗ ಹೀಗಿದೆ: "ಮಹಿಳಾ ಪ್ರತಿನಿಧಿಯಾಗಿ ಕಾರ್ಯನಿರ್ವಹಿಸಲು ಅವರು ಸಂತೋಷದಿಂದ ಸಮ್ಮತಿಸಿದರು." ಆಕ್ಷೇಪಿಸಲು ಎದ್ದ ಏಕೈಕ ವ್ಯಕ್ತಿ ಪದಾಧಿಕಾರಿಯಾಗಿ ದಾಖಲಾದರು. ಇಷ್ಟು ಚುರುಕಾದ ಕಾರ್ಯದರ್ಶಿ ವಿಧಾನಸೌಧದಲ್ಲಿರಬೇಕಿತ್ತು.

ಈಗ ಬೈಲಾ. "34 ಕಲಮುಗಳನ್ನು ಸಭೆಯ ಮುಂದೆ ಓದಿ, ಕೂಲಂಕಷವಾಗಿ ಚರ್ಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು."

ನಡೆದದ್ದು ಇಷ್ಟು. ಕಾರ್ಯದರ್ಶಿಗಳು ಸ್ಪೈರಲ್ ಬೈಂಡಿಂಗ್ ಮಾಡಿಸಿದ ಒಂದೇ ಒಂದು ಪ್ರತಿಯನ್ನು ಮೇಲೆತ್ತಿ ತೋರಿಸಿದರು. ಎಡಕ್ಕೊಮ್ಮೆ ತೋರಿಸಿದರು, ಬಲಕ್ಕೊಮ್ಮೆ ತೋರಿಸಿದರು. "ಎಲ್ಲರ ಒಪ್ಪಿಗೆ ಇದೆ ತಾನೆ?" ಎಂದರು. ಯಾರೋ "ಇದೆ ಇದೆ, ಬೇಗ ಮುಗಿಸಿ" ಎಂದರು. ಕೂಲಂಕಷ ಚರ್ಚೆ ಮುಗಿಯಿತು.

ನೋಂದಣಾಧಿಕಾರಿಯ ಕಚೇರಿಗೆ ಸಲ್ಲಿಕೆಯಾದ ಬೈಲಾದ ದೃಢೀಕೃತ ಪ್ರತಿ ಶುಲ್ಕ ಕಟ್ಟಿದರೆ ಸಿಗುತ್ತದೆ. ಪ್ರಮಾಣಪತ್ರ ಬಂದ ಮೇಲೆ ನಾನು ತರಿಸಿಕೊಂಡೆ. ಓದಿದೆ. ನನ್ನ ಅನುಮಾನ, ಈ ಬೈಲಾವನ್ನು ಅದನ್ನು ಬರೆಸಿದವರೂ ಓದಿಲ್ಲ.

ನಾಲ್ಕನೇ ಕಲಮು: "ಸದಸ್ಯರಾಗಬಯಸುವವರು ಸದೃಢ ಶರೀರ ಉಳ್ಳವರಾಗಿರತಕ್ಕದ್ದು." ಸಾಹಿತ್ಯ ಸಂಘಕ್ಕೆ ಸದೃಢ ಶರೀರ ಯಾಕೆ? ಕವಿಗೋಷ್ಠಿ ಸಹಿಸಲು ಇರಬಹುದು ಎಂದುಕೊಂಡೆ. ಆರನೇ ಕಲಮಿಗೆ ಬಂದಾಗ ಗುಟ್ಟು ಬಯಲಾಯಿತು: "ವರ್ಷಕ್ಕೊಮ್ಮೆ ಮಟ್ಟಿ ಪೂಜೆಯನ್ನು ನೆರವೇರಿಸುವುದು." ಯಾವುದೋ ಗರಡಿ ಸಂಘದ ಬೈಲಾ. ಹೆಸರು ಬದಲಾಯಿಸಿ ಇಳಿಸಿದ್ದಾರೆ. ನಮ್ಮ ಅಧ್ಯಕ್ಷರು ಎರಡು ಮೆಟ್ಟಿಲು ಹತ್ತಿದರೆ ಮೂರನೆಯದರಲ್ಲಿ ಕೂರುತ್ತಾರೆ. ನಾಲ್ಕನೇ ಕಲಮಿನ ಪ್ರಕಾರ ಅವರು ಅಧ್ಯಕ್ಷರಿರಲಿ, ಸದಸ್ಯರೂ ಆಗುವಂತಿಲ್ಲ.

ಕೊನೆಯ ಕಲಮು ಇನ್ನೂ ಸೊಗಸು. ಸಂಘ ವಿಸರ್ಜನೆಯಾದರೆ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದೇ ಬಗೆಯ ಉದ್ದೇಶದ ಬೇರೊಂದು ಸಂಘಕ್ಕೆ ಹೋಗಬೇಕು. ಒಳ್ಳೆಯ ನಿಯಮ. ನಮ್ಮ ಬೈಲಾದಲ್ಲಿ ಅದು "ಸಮೀಪದ ಗರಡಿ ಮನೆಗೆ" ಹೋಗುತ್ತದೆ. ಹಾರ್ಮೋನಿಯಂ, ತಬಲ, ಪುಸ್ತಕದ ಬೀರು, ಎಲ್ಲವೂ ಪೈಲ್ವಾನರಿಗೆ.

ನಗಬಹುದು. ಆದರೆ ನೋಂದಣಿಯಾದ ಮೇಲೆ ಇದರಲ್ಲಿ ಒಂದು ಸಾಲು ತಿದ್ದಬೇಕಾದರೂ ಸದಸ್ಯರ ಸಭೆ ಕರೆದು, ನಿರ್ಣಯ ಮಾಡಿ, ಮತ್ತೆ ಅದೇ ಕಚೇರಿಗೆ ಹೋಗಬೇಕು. ಭಾನುವಾರ ಅರ್ಧ ಗಂಟೆ ಓದಿದ್ದರೆ ತಪ್ಪುತ್ತಿದ್ದ ಕೆಲಸ.

ಒಂದು ವಿಷಯ ಮಾತ್ರ ಒಪ್ಪಿಕೊಳ್ಳಬೇಕು. ಇಡೀ ಬೈಲಾ ನಕಲಲ್ಲ. ಮೂರು ಕಲಮು ಮಾತ್ರ ಸ್ವಂತದ್ದು. ಅಕ್ಷರದ ಗಾತ್ರ ಬೇರೆ ಇರುವುದರಿಂದ ಎದ್ದು ಕಾಣುತ್ತವೆ. ಆ ಮೂರರಲ್ಲೇ ಸಂಘದ ನಿಜವಾದ ಉದ್ದೇಶವಿದೆ.

ಒಂದನೆಯದು: ಐದು ವರ್ಷ ಸತತವಾಗಿ ಸದಸ್ಯರಾಗಿದ್ದವರು ಮಾತ್ರ ಪದಾಧಿಕಾರಿ ಸ್ಥಾನಕ್ಕೆ ಸ್ಪರ್ಧಿಸಬಹುದು. ಸಂಘ ಹುಟ್ಟಿದ್ದೇ ನಿನ್ನೆ ಮೊನ್ನೆ, ಐದು ವರ್ಷದ ಸದಸ್ಯರು ಎಲ್ಲಿಂದ ಬರಬೇಕು? ಅದಕ್ಕೂ ಉತ್ತರವಿದೆ: "ಸ್ಥಾಪಕ ಸದಸ್ಯರಿಗೆ ಈ ನಿಯಮ ಅನ್ವಯಿಸುವುದಿಲ್ಲ." ಸ್ಥಾಪಕ ಸದಸ್ಯರೆಂದರೆ ಜ್ಞಾಪನ ಪತ್ರಕ್ಕೆ ಸಹಿ ಹಾಕಿದ ಏಳು ಜನ. ಪದಾಧಿಕಾರಿಗಳ ಅವಧಿಯೂ ಐದು ವರ್ಷ. ಅಂದರೆ ಮುಂದಿನ ಚುನಾವಣೆ ಬರುವ ತನಕ ಕೂರುವವರೂ ಅವರೇ, ಆ ನಡುವೆ ಯಾರಾದರೂ ರಾಜೀನಾಮೆ ಕೊಟ್ಟರೆ ತುಂಬುವವರೂ ಅವರೇ.

ಐದು ವರ್ಷ ಯಾಕೆಂದು ಕೇಳಿದರೆ ಕಾರ್ಯದರ್ಶಿಗಳ ಬಳಿ ಪುರಾವೆ ಸಿದ್ಧವಿದೆ. "ಸಾಹಿತ್ಯ ಪರಿಷತ್ತಿನಲ್ಲೂ ಐದು ವರ್ಷ ಅಲ್ವಾ ಸಾರ್." ಹೌದು. 1915ರಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಶುರುವಾದ ಪರಿಷತ್ತು ನೂರು ವರ್ಷ ದಾಟಿದ ಮೇಲೆ ಅಧ್ಯಕ್ಷರ ಅವಧಿಯನ್ನು ಮೂರರಿಂದ ಐದಕ್ಕೆ ಏರಿಸಿಕೊಂಡಿತು. ಪರಿಷತ್ತಿನಿಂದ ಕಲಿಯಲು ನಿಘಂಟು ಇತ್ತು, ಪುಸ್ತಕ ಪ್ರಕಟಣೆ ಇತ್ತು, ಪರೀಕ್ಷೆಗಳು ಇದ್ದವು. ನಮ್ಮವರು ಕಲಿತದ್ದು ಅವಧಿ.

ಎರಡನೆಯ ಸ್ವಂತ ಕಲಮು ಕೋರಂ ಕುರಿತದ್ದು. ಇದನ್ನು ಬರೆದವರ ತಲೆ ಸಾಮಾನ್ಯದ್ದಲ್ಲ. ನಮ್ಮಲ್ಲಿ 60 ಸದಸ್ಯರು. ವಾರ್ಷಿಕ ಮಹಾಸಭೆಗೆ ಮೂರನೇ ಒಂದು ಭಾಗ, ಅಂದರೆ 20 ಜನ ಇರಬೇಕು. ಕೋರಂ ಆಗದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ, ಬಂದಷ್ಟು ಜನರನ್ನೇ ಕೋರಂ ಎಂದು ಭಾವಿಸಿ ನಡೆಸಬಹುದು. ಇಷ್ಟು ಬಹುತೇಕ ಎಲ್ಲ ಸಂಘಗಳಲ್ಲೂ ಇದೆ. ಜನ ಬಾರದಿದ್ದರೆ ಸಂಘ ನಿಂತುಹೋಗಬಾರದಲ್ಲ. ಆದ್ದರಿಂದ ಏಳು ಜನ ಬಂದು ಕಾಫಿ ಕುಡಿದು ಇಡೀ ವರ್ಷದ ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡಬಹುದು. ಆ ಏಳು ಜನ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸದಸ್ಯರು ಅವಿಶ್ವಾಸ ತರಲು ವಿಶೇಷ ಸಭೆ ಬೇಕು ಎಂದರೆ? ಆಗ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಸಹಿ ಹಾಕಿ ಕೋರಬೇಕು. ಅಂದರೆ 40 ಸಹಿ. ಸಹಿ ಹಾಕಿದ 40 ಜನವೂ ಸಭೆಯಲ್ಲಿ ಖುದ್ದು ಹಾಜರಿರಬೇಕು. ಒಬ್ಬರು ಕಡಿಮೆಯಾದರೂ ಕೋರಿಕೆ ಬಿದ್ದುಹೋಗುತ್ತದೆ, ಒಂದು ವರ್ಷ ಮತ್ತೆ ತರುವಂತಿಲ್ಲ. ಇಲ್ಲಿ ಅರ್ಧ ಗಂಟೆಯ ರಿಯಾಯಿತಿ ಇಲ್ಲ.

ಲೆಕ್ಕ ಒಪ್ಪಲು ಏಳು. ಲೆಕ್ಕ ಕೇಳಲು ನಲವತ್ತು.

ವಿಚಿತ್ರವೆಂದರೆ ಸರ್ಕಾರದ ಕಾನೂನು ಇಷ್ಟು ಕಟುವಾಗಿಲ್ಲ. 1960ರ ಕಾಯಿದೆಯ 25ನೇ ಪ್ರಕರಣದಲ್ಲಿ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿಯೇ ಸಂಘದ ಮೇಲೆ ವಿಚಾರಣೆ ನಡೆಸಬೇಕು. ನಮ್ಮಲ್ಲಿ ಅದಕ್ಕೆ 20 ಸಹಿ ಸಾಕು. ಸರ್ಕಾರಿ ಅಧಿಕಾರಿಯನ್ನು ಬಡಾವಣೆಗೆ ಕರೆಸುವುದು ಸುಲಭ, ನಮ್ಮದೇ ಅಧ್ಯಕ್ಷರನ್ನು ನಮ್ಮದೇ ಸಭಾಂಗಣಕ್ಕೆ ಕರೆಸುವುದು ಕಷ್ಟ. ಇದನ್ನು "ಸದಸ್ಯರಿಂದ ಸದಸ್ಯರಿಗಾಗಿ" ಎಂದು ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿದ್ದಾರೆ.

ಮೂರನೆಯದು ಚೆಕ್ಕಿಗೆ ಸಹಿ. "ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಖಜಾಂಚಿ, ಈ ಮೂವರಲ್ಲಿ ಯಾರಾದರೂ ಇಬ್ಬರು." ನೋಡಲು ಎಷ್ಟು ಎಚ್ಚರಿಕೆ! ಇಬ್ಬರ ಸಹಿ ಕೇಳುವುದು ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಡಲಿ ಎಂದು. ನಮ್ಮ ಖಜಾಂಚಿ ಅಧ್ಯಕ್ಷರ ಭಾವಮೈದ. ಇಬ್ಬರೂ ಒಂದೇ ಮನೆಯ ಕೆಳಗಡೆ ಮೇಲುಗಡೆ ಇರುತ್ತಾರೆ. ಚೆಕ್ಕು ಮಹಡಿ ಹತ್ತಿ ಇಳಿದರೆ ಕಣ್ಗಾವಲು ಪೂರ್ತಿಯಾಯಿತು. ಕಾರ್ಯದರ್ಶಿಗಳಿಗೆ ಇದು ಗೊತ್ತಾದದ್ದು ಶಾಮಿಯಾನದ ಬಿಲ್ಲು ಪಾವತಿಯಾದ ಮೇಲೆ. ಚುರುಕಿನವರು ಎಂದು ಆಗಲೇ ಹೊಗಳಿಬಿಟ್ಟಿದ್ದೇನೆ. ಆ ಮಾತು ವಾಪಸ್.

ಇಷ್ಟಕ್ಕೆಲ್ಲ "ಸರ್ವಾನುಮತ" ಎಲ್ಲಿಂದ ಬಂತು? ನಡಾವಳಿಗೆ ಹಾಜರಾತಿ ಪಟ್ಟಿ ಲಗತ್ತಾಗಿದೆ. 52 ಸಹಿ. ಸಭಾಂಗಣದಲ್ಲಿ ಕುರ್ಚಿ ಇದ್ದದ್ದೇ 40. ಅರ್ಧ ಖಾಲಿ.

ಆ ಪಟ್ಟಿಯನ್ನು ಗಮನವಿಟ್ಟು ನೋಡಿ. ಎಡಗಡೆ ಕ್ರಮಸಂಖ್ಯೆ, ಹೆಸರು, ಸಹಿ. ಬಲಗಡೆ ಇನ್ನೊಂದು ಅಂಕಣವಿತ್ತು, ಅದನ್ನು ಜೆರಾಕ್ಸ್ ತೆಗೆಯುವಾಗ ಕಾಗದ ಮಡಿಚಿ ಮುಚ್ಚಿದ್ದಾರೆ. ಪೂರ್ತಿ ಮುಚ್ಚಿಲ್ಲ. ಅಂಚಿನಲ್ಲಿ "ಟೋಕ" ಎಂಬ ಎರಡು ಅಕ್ಷರ ಉಳಿದಿವೆ. ಅದು ಉಪಾಹಾರದ ಟೋಕನ್ ಪಡೆದವರ ಪಟ್ಟಿ. ಉಪ್ಪಿಟ್ಟು, ಕೇಸರಿಬಾತು ಇಸಿದುಕೊಳ್ಳಲು ಬಾಗಿಲಲ್ಲಿ ಸಹಿ ಹಾಕಿಸಿದ್ದರು. ತಿಂದು ಹಾಗೇ ಮನೆಗೆ ಹೋದವರಿದ್ದಾರೆ. ಮಗುವಿಗೆ ಒಂದು, ಅತ್ತೆಗೆ ಒಂದು ಎಂದು ಮೂರು ಸಹಿ ಹಾಕಿದವರಿದ್ದಾರೆ. ಅವರೆಲ್ಲ ಈಗ 34 ಕಲಮುಗಳನ್ನು ಕೂಲಂಕಷವಾಗಿ ಚರ್ಚಿಸಿದವರು. ನಲವತ್ತೊಂದನೇ ಸಹಿಯ ಮೇಲೆ ತುಪ್ಪದ ಕಲೆಯಿದೆ.

ಸಂಘ, ಸಭೆ, ಸರ್ವಾನುಮತ ಎಂದು ಮಾತಾಡುವ ನಾವು ಕಾಗದ ಓದುವುದನ್ನು ಮಾತ್ರ ಅವಮಾನ ಎಂದುಕೊಂಡಿದ್ದೇವೆ. ಓದಲು ಕೇಳಿದವರು ಅನುಮಾನದ ಪ್ರಾಣಿ. ಓದದೆ ಸಹಿ ಹಾಕಿದವರು ದೊಡ್ಡ ಮನಸ್ಸಿನವರು. ಎಂಟು ನೂರು ರೂಪಾಯಿ ಮಿಕ್ಸಿ ಜಾರಿಗೆ ಗ್ಯಾರಂಟಿ ಕಾರ್ಡು ಹಿಂದೆಮುಂದೆ ಓದುವ ಇದೇ ಜನ, ಐದು ವರ್ಷ ತಮ್ಮ ದುಡ್ಡು ಆಳುವವರ ಬೈಲಾವನ್ನು ದೂರದಿಂದ ನೋಡಿ ಚಪ್ಪಾಳೆ ತಟ್ಟಿದರು.

ಕಳೆದ ವಾರ ಕಾರ್ಯದರ್ಶಿಗಳಿಗೆ ಲಿಖಿತವಾಗಿ ನಾಲ್ಕು ಸಾಲು ಬರೆದೆ. ಪ್ರಥಮ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ ದೃಢೀಕರಿಸುವಾಗ ಆಯ್ಕೆ ನಡೆದ ಕ್ರಮ, ಹಾಜರಾತಿ ಪಟ್ಟಿ, ಮಹಿಳಾ ಪ್ರತಿನಿಧಿಯ ಸಂತೋಷ, ಈ ಮೂರಕ್ಕೂ ನನ್ನ ಆಕ್ಷೇಪಣೆ ದಾಖಲಾಗಬೇಕು. ನೋಂದಣಿಗೆ ಮೊದಲು ಸಂಗ್ರಹವಾದ ಶುಲ್ಕದ ಲೆಕ್ಕವನ್ನು ಸದಸ್ಯರ ಮುಂದೆ ಇಡಬೇಕು. ಇಷ್ಟೇ.

ಉತ್ತರ ಮೂರೇ ದಿನದಲ್ಲಿ ಬಂತು. ಲೆಟರ್‌ಹೆಡ್ಡಿನ ಮೇಲೆ, ಸೀಲು ಸಮೇತ. ಬೈಲಾದ 11ನೇ ಕಲಮಿನ ಪ್ರಕಾರ ಶುಲ್ಕ ಬಾಕಿ ಉಳಿಸಿಕೊಂಡವರು ಪ್ರಶ್ನೆ ಕೇಳಲು, ಮತ ಹಾಕಲು, ದಾಖಲೆ ನೋಡಲು ಅರ್ಹರಲ್ಲ. ಸಂಘದ ಬ್ಯಾಂಕ್ ಖಾತೆಯಲ್ಲಿ ನನ್ನ ಹೆಸರಿನಲ್ಲಿ ಯಾವುದೇ ಮೊತ್ತ ಜಮೆಯಾಗಿಲ್ಲ. ಆದಕಾರಣ ಒಂದು ಸಾವಿರ ರೂಪಾಯಿಯನ್ನು ಕೂಡಲೇ ಪಾವತಿಸಿ ರಸೀದಿ ಪಡೆಯತಕ್ಕದ್ದು. ರಸೀದಿ ಪುಸ್ತಕ ಪ್ರಿಂಟಾಗಿ ಬಂದಿದೆ.